ಮೊದಲ ಭೇಟಿಯ ಮೊದಲ ನಿಮಿಷ: ಕೂಲಂಟ್ ಮಾರುವ ಯುವಕನ ಪ್ರಕರಣ

ಮಾರಾಟದ ಮಾತು ತಿದ್ದಿಕೊಳ್ಳೋಕೆ ನನ್ನ ಹತ್ತಿರ ಬಂದವರು ಮೂವತ್ತರ ಆಸುಪಾಸಿನ ಯುವಕ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಪೀಣ್ಯದ ಸಣ್ಣ ಸಿಎನ್‌ಸಿ ಶಾಪ್‌ಗಳಿಗೆ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್‌ಗಳಲ್ಲಿ ಲೋಹ ಕತ್ತರಿಸುವ ಕಡೆಗೆ, ಕೂಲಂಟ್ ಆಯಿಲ್ ಮಾರುವುದು ಅವರ ಕೆಲಸ. ಕತ್ತರಿಸುವಾಗ ಬಿಸಿ ಏರದಂತೆ ನೀರಿಗೆ ಬೆರೆಸಿ ಹಾಯಿಸುವ ಆಯಿಲ್ ಅದು. "ಮೇಡಂ, ಓನರ್ ಕೂರಿಸ್ತಾರೆ, ಟೀ ಕೊಡ್ತಾರೆ. ನಾನು ಪರಿಚಯ ಹೇಳೋಷ್ಟರಲ್ಲಿ ಫೋನ್ ನೋಡ್ತಾರೆ. ಕೊನೆಗೆ ಕೇಳೋದು ಒಂದೇ, ಲೀಟರ್‌ಗೆ ಎಷ್ಟು?" ಎಂದರು. ತಮಗೆ ಧೈರ್ಯ ಸಾಲದು ಅಂತ ಅವರ ಅನುಮಾನ.

ನನಗೆ ಹಾಗನಿಸಲಿಲ್ಲ. ಆ ಪರಿಚಯವನ್ನೇ ನನ್ನೆದುರು ಹೇಳಿ ಅಂದೆ. ಕಂಪನಿ ಶುರುವಾದ ವರ್ಷ, ಐಎಸ್‌ಒ ಸರ್ಟಿಫಿಕೇಟ್, ಎಷ್ಟು ಬಗೆಯ ಆಯಿಲ್ ಇದೆ ಅನ್ನೋ ಪಟ್ಟಿ. ಎದುರಿಗೆ ಕೂತವರ ಶಾಪ್ ಬಗ್ಗೆ ಒಂದು ಮಾತೂ ಇಲ್ಲ. ಇದನ್ನೇ ಬೇರೆಯವರೂ ಹೇಳಿ ಹೋಗಿರುತ್ತಾರೆ, ಹಾಗಾಗಿ ಓನರ್‌ಗೆ ಹೋಲಿಸಿ ನೋಡೋಕೆ ಉಳಿಯುವುದು ರೇಟ್ ಮಾತ್ರ.

ಮಾತಾಡುತ್ತಾ ಗೊತ್ತಾಯಿತು, ಸೇಲ್ಸ್‌ಗೆ ಬರುವ ಮೊದಲು ಇವರು ಆರು ವರ್ಷ ಸಿಎನ್‌ಸಿ ಆಪರೇಟರ್ ಆಗಿದ್ದರು. ಅದನ್ನು ಯಾಕೆ ಹೇಳಲ್ಲ ಅಂದರೆ, "ಆಪರೇಟರ್ ಅಂದ್ರೆ ಮರ್ಯಾದೆ ಕಮ್ಮಿ ಆಗುತ್ತೆ ಅಲ್ವಾ?" ಎಂದರು. ಅಡಚಣೆ ಇಲ್ಲೇ ಇತ್ತು. ಶಾಪ್ ನಡೆಸುವವರು ನಂಬುವುದು ಮಷಿನ್ ಗೊತ್ತಿರುವವರನ್ನು, ಇವರು ಬಚ್ಚಿಟ್ಟಿದ್ದೂ ಅದನ್ನೇ. ಇಬ್ಬರೂ ಕೂತು ಹೊಸದಾಗಿ ಬರೆದೆವು:

"ನಮಸ್ಕಾರ ಸರ್. ಆರು ವರ್ಷ ಮಷಿನ್ ಮೇಲೆ ಕೆಲಸ ಮಾಡಿದವನು ನಾನು, ಈಗ ಕೂಲಂಟ್ ಮಾರ್ತೀನಿ. ಭಾನುವಾರ ಮಷಿನ್ ನಿಂತ್ರೆ ಸೋಮವಾರ ಬೆಳಿಗ್ಗೆ ಟ್ಯಾಂಕ್ ವಾಸನೆ ಹೊಡೆಯೋದು ತುಂಬಾ ಕಡೆ ನೋಡಿದ್ದೀನಿ. ಮಷಿನ್‌ನ ಸ್ಲೈಡ್‌ವೇ ಆಯಿಲ್ ಕೂಲಂಟ್ ಮೇಲೆ ಪದರ ಕಟ್ಟುತ್ತೆ, ಗಾಳಿ ಆಡಲ್ಲ, ಬ್ಯಾಕ್ಟೀರಿಯಾ ಬೆಳೆಯುತ್ತೆ. ಆಯಿಲ್ ಬದಲಿಸಿ ಅನ್ನೋಕೆ ಮುಂಚೆ ನಾನು ಮಿಶ್ರಣದಲ್ಲಿ ಆಯಿಲ್ ಎಷ್ಟಿದೆ ಅಂತ ಅಳೆದು ನೋಡ್ತೀನಿ. ನಿಮ್ಮಲ್ಲಿ ಸೋಮವಾರ ಹೇಗಿರುತ್ತೆ ಸರ್?"

ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕು. ಉಳಿದದ್ದು ಓನರ್‌ಗೆ ಸೇರಿದ್ದು. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ, ಉತ್ತರ ತಡವಾದರೂ ನೀವೇ ತುಂಬಿಸಬೇಡಿ ಅಂದೆ. ಬ್ರೋಷರ್ ಬ್ಯಾಗ್‌ನಲ್ಲೇ ಇರಲಿ, ಮಿಶ್ರಣ ಅಳೆಯುವ ರಿಫ್ರಾಕ್ಟೋಮೀಟರ್ ಟೇಬಲ್ ಮೇಲೆ ಬರಲಿ. ಟ್ಯಾಂಕ್ ನೋಡದೆ ಇಷ್ಟು ಪರ್ಸೆಂಟ್ ಉಳಿಸಿಕೊಡ್ತೀನಿ ಅನ್ನಬೇಡಿ. ಪಕ್ಕದ ಶಾಪ್‌ನ ತೊಂದರೆಯನ್ನು ಹೆಸರು ಹಿಡಿದು ಹೇಳಲೇಬೇಡಿ, ನಾಳೆ ನಮ್ಮದನ್ನೂ ಹೀಗೇ ಹೇಳ್ತಾನೆ ಅಂತ ಓನರ್ ಲೆಕ್ಕ ಹಾಕುತ್ತಾರೆ.

ಆದರೆ ಎದುರಿಗಿರುವವರು ಪರ್ಚೇಸ್‌ನವರಾದರೆ ಈ ಮಾತು ಅಷ್ಟಾಗಿ ನಡೆಯಲ್ಲ. ಟ್ಯಾಂಕ್ ವಾಸನೆ ಅವರ ತಲೆನೋವಲ್ಲ. ಬ್ಯಾರಲ್ ಹೇಳಿದ ದಿನ ಬರುತ್ತಾ, ಎಷ್ಟು ದಿನ ಕ್ರೆಡಿಟ್ ಅನ್ನೋದು ಅವರಿಗೆ ಮುಖ್ಯ. ಅಲ್ಲಿ ಪರಿಚಯ ಅದರಿಂದಲೇ ಶುರುವಾಗಬೇಕು. ಹಾಗಾಗಿ ಫೋನ್‌ನಲ್ಲಿ ಸಮಯ ಕೇಳುವಾಗಲೇ ಯಾರು ಸಿಗ್ತಾರೆ ಅಂತ ತಿಳಿದುಕೊಳ್ಳಿ ಅಂದೆ.

ಪರಿಚಯ ನಾಟಿತೋ ಇಲ್ಲವೋ ಅಂತ ತಿಳಿಯೋಕೆ ಓನರ್‌ರ ಮೊದಲ ಮಾತು ಗಮನಿಸಬೇಕು. ರೇಟ್ ಕೇಳಿದರೆ ಇನ್ನೂ ನಾಟಿಲ್ಲ. ತಮ್ಮ ಮಷಿನ್ ಬಗ್ಗೆ ಏನಾದರೂ ಹೇಳಿದರೆ ಬಾಗಿಲು ತೆರೆದಂತೆ.

ಮುಂದಿನ ಸಲ ಬಂದಾಗ ಒಂದು ಭೇಟಿಯ ವಿಷಯ ಹೇಳಿದರು. ಓನರ್ ಮಧ್ಯದಲ್ಲೇ ತಡೆದು, "ಮೂರನೇ ಮಷಿನ್ ಹತ್ರ ನಿಲ್ಲೋಕಾಗಲ್ಲ, ಬನ್ನಿ" ಎಂದು ಒಳಗೆ ಕರೆದೊಯ್ದರಂತೆ. ಆಪರೇಟರ್‌ಗಳು ಬರೀ ನೀರು ಹಾಕುತ್ತಾ ಹೋಗಿದ್ದರಿಂದ, ಆರು ಪರ್ಸೆಂಟ್ ಹತ್ತಿರ ಇರಬೇಕಾದ ಮಿಶ್ರಣ ಎರಡಕ್ಕೆ ಇಳಿದಿತ್ತು. ಆ ಒಂದು ಮಷಿನ್‌ಗೆ ಟ್ರಯಲ್ ಸಿಕ್ಕಿತು. ರೇಟ್ ಬಗ್ಗೆ ಚೌಕಾಸಿ ಆಮೇಲೆ ನಡೆಯಿತು, ಅದೂ ಮಷಿನ್ ಪಕ್ಕದಲ್ಲೇ ನಿಂತು.