ತಲೆಹೊಟ್ಟಿಗೆ ಔಷಧದ ಶಾಂಪೂ: ಎಷ್ಟು ಸಲ, ಎಷ್ಟು ಹೊತ್ತು, ಚರ್ಮತಜ್ಞರ ಬಳಿ ಯಾವಾಗ

"ಎರಡು ತಿಂಗಳಿಂದ ತಲೆಹೊಟ್ಟು, ವಿಪರೀತ ತುರಿಕೆ. ಮೆಡಿಕಲ್‌ನಿಂದ 2% ಕೀಟೋಕೊನಜೋಲ್ ಶಾಂಪೂ ತಂದು 8 ದಿನ ದಿನಾ ಹಾಕಿದೆ. ಕೂದಲು ನಾರಿನಂತಾಯಿತು, ಹೊಟ್ಟು ಹೋಗಲಿಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಅಡಿಕೆ ಕೊಯ್ಲಿನ ಬೆವರಿನಿಂದ ಹೀಗಾಗುತ್ತಿದೆಯೇ? ಡಾಕ್ಟರ ಹತ್ತಿರ ಹೋಗಬೇಕೇ?"

ತೋಟಕ್ಕೆ ಬರುವ ಮೊದಲು 20 ವರ್ಷ ಔಷಧದ ಅಂಗಡಿಯಲ್ಲಿ ಕುಳಿತವನು ನಾನು. ನೀವು ತಂದಿರುವ ಶಾಂಪೂ ಸರಿಯಾದದ್ದೇ, ಬಳಸಿದ ರೀತಿ ಮಾತ್ರ ತಪ್ಪಾಗಿದೆ ಎಂಬುದು ನನ್ನ ಅಭಿಪ್ರಾಯ. ಇದೇ ತಪ್ಪನ್ನು ಮಾಡಿ ಶಾಂಪೂ ಕೆಲಸ ಮಾಡಲಿಲ್ಲವೆಂದು ಬಾಟಲಿ ಮರಳಿಸಲು ಬಂದವರನ್ನು ಬಹಳ ನೋಡಿದ್ದೇನೆ.

ಇದೇ ಪ್ರಶ್ನೆಗೆ ಉತ್ತರಿಸಿದ ಪಶುವೈದ್ಯರೊಬ್ಬರು ಹೊಟ್ಟಿನ ಹಿಂದೆ ಶಿಲೀಂಧ್ರವಿದೆ ಎಂದು ಬರೆದದ್ದು ನಿಜ. ನಮ್ಮೆಲ್ಲರ ನೆತ್ತಿಯ ಮೇಲೂ ಇರುವ ಮಲಸೀಜಿಯ ಎಂಬ ಶಿಲೀಂಧ್ರ ಚರ್ಮದ ಜಿಡ್ಡನ್ನು ತಿಂದು ಬದುಕುತ್ತದೆ. ಕೆಲವರ ಚರ್ಮ ಅದನ್ನು ಸಹಿಸದೆ ಕೆರಳಿ, ಬೇಗ ಬೇಗ ಪದರ ಬಿಡುತ್ತದೆ. ಬೆವರು ತುರಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ಮೂಲ ಕಾರಣವಲ್ಲ. ಕೊಯ್ಲಿನ ಕಾಲ ಚಳಿಗಾಲವೂ ಆಗಿರುವುದನ್ನು ಮರೆಯಬೇಡಿ, ಅನೇಕರಿಗೆ ಹೊಟ್ಟು ಹೆಚ್ಚುವುದೇ ಆಗ. ರಾತ್ರಿಯಿಡೀ ನೆತ್ತಿಯಲ್ಲಿ ನಿಲ್ಲುವ ಎಣ್ಣೆ ಈ ಶಿಲೀಂಧ್ರಕ್ಕೆ ಊಟವಾಗುವುದರಿಂದ ಸದ್ಯಕ್ಕೆ ಅದನ್ನು ನಿಲ್ಲಿಸಿ. ಎಣ್ಣೆ ಇಲ್ಲದೆ ಆಗುವುದೇ ಇಲ್ಲವೆಂದರೆ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಿ ಪೂರ್ತಿ ತೊಳೆದುಬಿಡಿ. ಹೊಟ್ಟು ಹೋದ ಮೇಲೆ ಎಷ್ಟು ಎಣ್ಣೆ ಹಚ್ಚಬಹುದೆಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ, ಅದಕ್ಕೆ ನನ್ನಲ್ಲೂ ಒಂದೇ ಉತ್ತರವಿಲ್ಲ.

ಇನ್ನು ಈ ಶಿಲೀಂಧ್ರವನ್ನು ಹತ್ತಿಕ್ಕುವ ಕೀಟೋಕೊನಜೋಲ್ ಶಾಂಪೂ. ದಿನವೂ ಬೇಡ, ವಾರಕ್ಕೆ ಎರಡು ಸಲ, ಉದಾಹರಣೆಗೆ ಬುಧವಾರ ಮತ್ತು ಭಾನುವಾರ, ನಾಲ್ಕು ವಾರ ಬಳಸಿ. ಮೊದಲು ಸಾದಾ ಶಾಂಪೂವಿನಿಂದ ಜಿಡ್ಡು ಮತ್ತು ಧೂಳು ತೆಗೆಯಿರಿ, ಏಕೆಂದರೆ ಜಿಡ್ಡಿನ ಮೇಲೆ ಹಾಕಿದ ಔಷಧ ಚರ್ಮವನ್ನು ಸರಿಯಾಗಿ ಮುಟ್ಟುವುದಿಲ್ಲ. ನಂತರ ಒದ್ದೆ ತಲೆಗೆ ಒಂದೆರಡು ಟೀ ಚಮಚದಷ್ಟು ಔಷಧದ ಶಾಂಪೂ ಹಾಕಿ, ಕೂದಲಿಗಲ್ಲ, ಬೆರಳ ತುದಿಯಿಂದ ನೆತ್ತಿಯ ಚರ್ಮಕ್ಕೆ ತಿಕ್ಕಿ, ಉಗುರು ತಾಗಿಸಬೇಡಿ. ನೊರೆಯನ್ನು ಐದು ನಿಮಿಷ ಹಾಗೆಯೇ ಬಿಡಬೇಕು. ಬಹುತೇಕರು ಸೋಲುವುದು ಇಲ್ಲಿಯೇ: ಹಚ್ಚಿದ ತಕ್ಷಣ ನೀರು ಸುರಿದರೆ ಔಷಧವೂ ಬಚ್ಚಲಿಗೆ ಹೋಗುತ್ತದೆ. ಗಡಿಯಾರ ನೋಡಿ, ಅಷ್ಟರಲ್ಲಿ ಮೈ ತೊಳೆದುಕೊಳ್ಳಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಉಳಿದ ದಿನಗಳಲ್ಲಿ ಸೌಮ್ಯವಾದ ಸಾದಾ ಶಾಂಪೂ ಬಳಸಬಹುದು.

ತುರಿಕೆ ಒಂದೆರಡು ವಾರದಲ್ಲಿ ಇಳಿಯಬೇಕು, ಹೊಟ್ಟು ಅದರ ಹಿಂದೆಯೇ ಕಡಿಮೆಯಾಗುತ್ತದೆ. ಆಮೇಲೆ ಪೂರ್ತಿ ಬಿಟ್ಟರೆ ಸಾಮಾನ್ಯವಾಗಿ ಮರಳಿ ಬರುತ್ತದೆ, ಆದ್ದರಿಂದ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹಾಕುತ್ತಿರಿ. ಇದು ಬುಡಸಹಿತ ಕೀಳುವ ರೋಗವಲ್ಲ, ಹತೋಟಿಯಲ್ಲಿ ಇಡುವಂಥದ್ದು.

ಇದೇ ಪ್ರಶ್ನೆಗೆ ನಿಂಬೆರಸ, ಹುಳಿಮಜ್ಜಿಗೆ ಹಚ್ಚಲು ಹೇಳಿದ ರಾಯರು ಜಿಡ್ಡೂ ಒಂದು ಕಾರಣವೆಂದು ಗುರುತಿಸಿದ್ದು ಸರಿ. ಆದರೆ ಕೆರೆದು ಗಾಯವಾದ ನೆತ್ತಿಗೆ ನಿಂಬೆರಸ ಬಿದ್ದರೆ ಉರಿ ಹೆಚ್ಚುತ್ತದೆ, ಆದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ. ಪಕ್ಕದ ಮನೆಯವರ ಸ್ಟಿರಾಯ್ಡ್ ಬೆರೆತ ಮುಲಾಮನ್ನೂ ತಂದು ಹಚ್ಚಬೇಡಿ. ತುರಿಕೆ ಕೂಡಲೇ ನಿಲ್ಲುತ್ತದೆ, ಆದರೆ ಅಡಿಯಲ್ಲಿ ಹುಳುಕಡ್ಡಿ ಇದ್ದರೆ ಅದರ ರೂಪ ಕೆಟ್ಟು ವೈದ್ಯರಿಗೂ ಗುರುತು ಸಿಗುವುದಿಲ್ಲ.

ಇಲ್ಲಿಯೇ ಮಗನ ತಲೆಯಲ್ಲಿ ಕೂದಲು ಮುರಿಯುತ್ತಿದೆ ಎಂದು ಬರೆದ ಅಕ್ಕನವರೇ, ಅದು ಈ ಪ್ರಶ್ನೆಯ ಹೊಟ್ಟಲ್ಲ. ಆರು ವರ್ಷದ ಮಗುವಿಗೆ ನಾಣ್ಯದಷ್ಟು ಜಾಗದಲ್ಲಿ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ಕಾಣುತ್ತಿದ್ದರೆ ತಲೆಯ ಹುಳುಕಡ್ಡಿಯ ಶಂಕೆ ಇಡಬೇಕು. ಅದಕ್ಕೆ ವೈದ್ಯರು ಬರೆದುಕೊಟ್ಟ ನುಂಗುವ ಔಷಧ ವಾರಗಟ್ಟಲೆ ಬೇಕು, ಶಾಂಪೂ ಒಂದರಿಂದಲೇ ವಾಸಿಯಾಗುವುದಿಲ್ಲ. ಅದು ಮನೆಯ ಇತರ ಮಕ್ಕಳಿಗೂ ಹರಡುತ್ತದೆ. ಬಾಚಣಿಗೆ, ಟವೆಲ್ ಬೇರೆ ಮಾಡಿ ಈ ವಾರವೇ ತೋರಿಸಿ.

ಪ್ರಶ್ನೆ ಕೇಳಿದವರಿಗೆ: ನಾಲ್ಕು ವಾರ ಹೀಗೆ ಮಾಡಿಯೂ ಕಡಿಮೆಯಾಗದಿದ್ದರೆ ಚರ್ಮತಜ್ಞರಲ್ಲಿಗೆ ಹೋಗಿ. ಕೀವು, ನೀರು ಸೋರುವಿಕೆ, ನೋವು, ಕುತ್ತಿಗೆಯಲ್ಲಿ ಗಂಟು ಅಥವಾ ಒಂದೇ ಕಡೆ ಕೂದಲು ಉದುರುವುದು ಕಂಡರೆ ನಾಲ್ಕು ವಾರ ಕಾಯಬೇಡಿ. ದಪ್ಪ ಬೆಳ್ಳಿ ಬಣ್ಣದ ಪೊರೆ ಹಣೆಯ ಅಂಚು ದಾಟಿ ಬಂದಿದ್ದು, ಮೊಣಕೈ, ಮೊಣಕಾಲಿನಲ್ಲೂ ಅಂಥದ್ದೇ ಇದ್ದು, ಉಗುರಿನಲ್ಲಿ ಚುಕ್ಕಿ ಗುಳಿಗಳಿದ್ದರೆ ಸೋರಿಯಾಸಿಸ್ ಎಂಬ ಬೇರೆ ಚರ್ಮರೋಗ ಇರಬಹುದು. ತಲೆಗೆ ಬಣ್ಣ ಹಚ್ಚಿದ ಒಂದೆರಡು ದಿನಗಳಲ್ಲಿ ತುರಿಕೆ ಶುರುವಾಗಿತ್ತೇ ಎಂಬುದನ್ನೂ ನೆನಪಿಸಿಕೊಳ್ಳಿ, ಹಾಗಿದ್ದರೆ ಅದು ಬಣ್ಣದ ಅಲರ್ಜಿ ಇರಬಹುದು. ವೈದ್ಯರಲ್ಲಿಗೆ ಹೋಗುವ ದಿನ ತಲೆಗೆ ಎಣ್ಣೆ ಹಚ್ಚದೆ, ಈವರೆಗೆ ಬಳಸಿದ ಬಾಟಲಿ, ಮುಲಾಮುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.