ಸಿಲಿಂಡರ್ ಎಷ್ಟು ದಿನ ಬರುತ್ತೆ, ಫೋಟೋದಲ್ಲೇ ಇದೆ ಲೆಕ್ಕ

ಪ್ರಶ್ನೆ: ಸಿಲಿಂಡರ್ ಫೋಟೋ ಕಳಿಸಿದೀನಿ ಸರ್. ಖಾಲಿ ತೂಕ 15.8 ಕೆಜಿ, ಒಟ್ಟು ತೂಕ 30 ಕೆಜಿ. ದಿನಕ್ಕೆ 400 ಗ್ರಾಂ ಖರ್ಚು. ಭಾಗಿಸಿದ್ರೆ 75 ದಿನ ಬರ್ತಿದೆ, ಸರಿನಾ?

ಉತ್ತರ: 75 ದಿನ ಬರ್ಬೇಕಂದ್ರೆ ಗ್ಯಾಸ್ ಜೊತೆ ಕಬ್ಬಿಣಾನೂ ಉರೀಬೇಕು ಮಾರಾಯ್ರೇ. ವಾರಕ್ಕೊಬ್ರು ಇದನ್ನೇ ಕೇಳ್ತೀರ, ಎಲ್ರೂ ಒಟ್ಟು ತೂಕಾನೇ ಭಾಗಿಸಿರ್ತೀರ. ಮೊದ್ಲು 30ರಲ್ಲಿ 15.8 ಕಳೀರಿ, 14.2 ಕೆಜಿ ಉಳೀತು, ಒಳಗಿರೋ ಗ್ಯಾಸ್ ಅಷ್ಟೇ. 400 ಗ್ರಾಂ ಅಂದ್ರೆ 0.4 ಕೆಜಿ, ಭಾಗಿಸಿದ್ರೆ 35.5. ಇದನ್ನ 36 ಅಂತ ಮೇಲಕ್ಕೆ ತಳ್ಳಬೇಡಿ, 35 ದಿನಕ್ಕೆ 14 ಕೆಜಿ ಮುಗಿದು 200 ಗ್ರಾಂ ಉಳಿಯುತ್ತೆ, 36ನೇ ದಿನ ಅರ್ಧಕ್ಕೇ ಒಲೆ ಆರುತ್ತೆ. ಕೊನೆಕೊನೆಗೆ ಉರಿ ಹೇಗೂ ಸಣ್ಣಗಾಗುತ್ತೆ, ನಾನಾದ್ರೆ 34 ಅಂತಲೇ ಇಟ್ಕೋತೀನಿ.

ಆದ್ರೆ ನಿಮ್ಮ ಫೋಟೋನ ದೊಡ್ಡದು ಮಾಡಿ ನೋಡಿದೆ, ಖಾಲಿ ತೂಕದ ಕೊನೇ ಅಂಕಿ ಮೇಲೆ ಬಣ್ಣ ತುಂಬ್ಕೊಂಡು 8ಓ 3ಓ ಅಂತ ಅನುಮಾನ ಬರೋ ಹಾಗಿದೆ. 15.3 ಅಂತ ಓದಿದ್ರೆ ಗ್ಯಾಸ್ 14.7 ಆಗಿಬಿಡುತ್ತೆ, ಅಂದ್ರೆ ಇಲ್ಲದ ಒಂದು ದಿನ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ. ಅದಕ್ಕೆ ಸಿಲಿಂಡರ್ ಮೇಲೆ ಗ್ಯಾಸಿನ ತೂಕ ಬೇರೆ ಬರೆದಿರುತ್ತಲ್ಲ, ಅದ್ರ ಜೊತೆ ತಾಳೆ ನೋಡಿ. ನಿಮ್ಮದ್ರಲ್ಲಿ 14.2 ಅಂತ ಇದೆ, ಹಾಗಾಗಿ 8 ಸರಿ.

ಇನ್ನು ಆ 400 ಗ್ರಾಂ ಎಲ್ಲಿಂದ ತಂದ್ರಿ? ಅಂದಾಜಾದ್ರೆ ಮೇಲಿನ ಲೆಕ್ಕ ಎಲ್ಲಾ ಅಂದಾಜೇ. ರೆಗ್ಯುಲೇಟರ್ ಆಫ್ ಮಾಡಿ ತೆಗೆದಿಟ್ಟು ಸಿಲಿಂಡರ್ ತೂಗಿ, ವಾರ ಬಿಟ್ಟು ಅದೇ ತಕ್ಕಡೀಲಿ ಹಾಗೇ ಇನ್ನೊಂದ್ಸಲ ತೂಗಿ. ಮೊದ್ಲು 28.2 ಇದ್ದು ಆಮೇಲೆ 25.4 ಬಂತು ಅನ್ಕೊಳ್ಳಿ, 7 ದಿನಕ್ಕೆ 2.8 ಕೆಜಿ, ಆಗ ದಿನಕ್ಕೆ 0.4 ಅನ್ನೋದು ನಂಬೋ ಅಂಕಿ. 25.4ರಲ್ಲಿ 15.8 ಕಳೆದ್ರೆ 9.6 ಕೆಜಿ ಇದೆ, ಇನ್ನೂ 24 ದಿನ ಬರುತ್ತೆ. ರೆಗ್ಯುಲೇಟರ್ ಸಮೇತ ತೂಗಿದ್ರೆ ಅದ್ರ ತೂಕಾನೂ ಗ್ಯಾಸ್ ಲೆಕ್ಕಕ್ಕೆ ಸೇರುತ್ತೆ, ಖಾಲಿ ತೂಕದಲ್ಲಿ ಅದು ಇರಲ್ಲ.

ಪ್ರಶ್ನೆ: ಪ್ರೆಶರ್ ಮೀಟರ್ ಹಾಕಿದ್ರೆ ಎಷ್ಟು ಉಳಿದಿದೆ ಗೊತ್ತಾಗುತ್ತಂತೆ?

ಉತ್ತರ: ಮಾರೋನು ಹೇಳಿದ್ನಾ? ಒಳಗೆ ದ್ರವ ಇರೋವರೆಗೂ ಪ್ರೆಶರ್ ನಡೆಯೋದು ಬಿಸಿ-ತಂಪಿನ ಮೇಲೆ, ತುಂಬಿದ್ರೂ ಕಾಲು ಭಾಗ ಇದ್ರೂ ಮುಳ್ಳು ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತೆ.

ಪ್ರಶ್ನೆ: ಕೊನೇಲಿ ಮಲಗಿಸಿದ್ರೆ ಇನ್ನೆರಡು ದಿನ ಬರುತ್ತಾ?

ಉತ್ತರ: ಮಲಗಿಸಬೇಡಿ. ಆವಿ ಹೋಗೋ ದಾರೀಲಿ ದ್ರವ ನುಗ್ಗಿದ್ರೆ ಉರಿ ಒಮ್ಮೆಲೇ ಭಗ್ಗಂತ ಏಳುತ್ತೆ. ಇದನ್ನ ಕಲಿಸಿಕೊಟ್ಟೋರ ಮಾತು ಇನ್ಮೇಲೆ ಕೇಳ್ಬೇಡಿ.