ಮಗುವಾದ ಮೇಲೆ ಹೆಂಡತಿಗೆ ಅಪ್ಪುಗೆಯೂ ಬೇಡವಾಗಿದೆ, ಈ ಮಾತು ಹೇಗೆ ಎತ್ತೋದು?

ಪ್ರಶ್ನೆ: ಮಗುವಿಗೆ ಈಗ ಏಳು ತಿಂಗಳು. ಹೆಂಡತಿ ಬಾಣಂತನ ಮುಗಿಸಿಕೊಂಡು ತವರಿಂದ ಬಂದು ಎರಡು ತಿಂಗಳಾಯ್ತು. ಹೆಗಲ ಮೇಲೆ ಕೈ ಇಟ್ಟರೂ ಮೈ ಬಿಗಿ ಮಾಡ್ಕೊಳ್ತಾಳೆ. ಕೇಳಿದ್ರೆ "ನಿಮಗೆ ಯಾವಾಗ್ಲೂ ಅದೇ" ಅಂತಾಳೆ. ಕೇಳದೆ ಸುಮ್ಮನಿದ್ರೆ ಇಬ್ಬರೂ ಒಂದೇ ಮನೆಯ ಬಾಡಿಗೆದಾರರ ಥರ ಆಗಿದ್ದೀವಿ. ಅವಳಿಗೆ ಒತ್ತಾಯ ಅನ್ನಿಸಬಾರದು, ನಾನು ಬೇಡವಾದವನು ಅಂತ ನನಗೂ ಅನ್ನಿಸಬಾರದು. ಹೇಗೆ ಮಾತಾಡೋದು?

ಉತ್ತರ:

"ನಿಮಗೆ ಯಾವಾಗ್ಲೂ ಅದೇ" ಅನ್ನುವುದನ್ನು ಬೈಗುಳ ಅಂತ ತಗೋಬೇಡಿ. ನಿಮ್ಮ ಪ್ರತಿ ಸ್ಪರ್ಶವೂ ಕೊನೆಗೆ ಒಂದೇ ಕಡೆ ಹೋಗಿ ನಿಲ್ಲುತ್ತದೆ ಅಂತ ಅವರ ಮೈ ಲೆಕ್ಕ ಹಾಕಿದೆ. ಸಂಜೆ ಏಳಕ್ಕೆ ನೀವು ಹೆಗಲ ಮೇಲೆ ಕೈ ಇಟ್ಟರೆ, ರಾತ್ರಿ ಹತ್ತಕ್ಕೆ "ಬೇಡ" ಅನ್ನಬೇಕಾದೀತು ಎಂಬ ಚಿಂತೆ ಏಳಕ್ಕೇ ಶುರುವಾಗುತ್ತದೆ. ಆಗ ಬೇಡ ಅನ್ನುವುದಕ್ಕಿಂತ ಈಗಲೇ ಕೈ ಸರಿಸುವುದು ಸುಲಭ. ಹೀಗೆ ಅವರಿಗೂ ಬೇಕಾಗಿದ್ದಿರಬಹುದಾದ ಅಪ್ಪುಗೆಯೂ ಹೋಯಿತು. ನಿಮಗೆ ಕಾಣುವುದು ಕೈ ಸರಿಸಿದ್ದು ಮಾತ್ರ, ಹಾಗಾಗಿ ಇನ್ನಷ್ಟು ಹತ್ತಿರ ಹೋಗುತ್ತೀರಿ, ಅವರು ಇನ್ನಷ್ಟು ಸರಿಯುತ್ತಾರೆ.

ಮೈಯ ಕಾರಣವೂ ಇದೆ. ಎದೆಹಾಲು ಕೊಡುವಾಗ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿರುತ್ತದೆ, ಈಸ್ಟ್ರೋಜನ್ ಇಳಿದಿರುತ್ತದೆ. ಇದರಿಂದ ಅನೇಕರಿಗೆ ಆಸೆ ತಗ್ಗುತ್ತದೆ, ಯೋನಿ ಒಣಗುತ್ತದೆ, ಕೂಡಿದರೆ ನೋವಾಗುತ್ತದೆ. ಒಮ್ಮೆ ನೋವಾದ ಮೇಲೆ ಮೈ ಮೊದಲೇ ಬಿಗಿಯಾಗುವುದು ಸಹಜ. ಇದರ ಮೇಲೆ ನಿದ್ದೆಗೆಟ್ಟ ರಾತ್ರಿಗಳು, ದಿನವಿಡೀ ಮೈಗೆ ಅಂಟಿಕೊಂಡಿರುವ ಕೂಸು. ಸಂಜೆಯ ಹೊತ್ತಿಗೆ "ಯಾರೂ ನನ್ನನ್ನು ಮುಟ್ಟಬೇಡಿ" ಅನ್ನಿಸುವ ತಾಯಂದಿರು ಬೇಕಾದಷ್ಟು ಜನ. ಆರು ವಾರದ ತಪಾಸಣೆಯಲ್ಲಿ ಡಾಕ್ಟರು ಕೂಡಬಹುದು ಅಂದಿದ್ದರೆ, ಅದರ ಅರ್ಥ ಗಾಯ ಮಾಗಿದೆ ಅಂತ ಅಷ್ಟೇ. ಆಸೆ ವಾಪಸ್ ಬಂದಿದೆ ಅಂತಲ್ಲ.

ಈಗ ಮಾತಿನ ವಿಷಯ. ಹಾಸಿಗೆಯಲ್ಲಿ ಎತ್ತಬೇಡಿ, ಬೇಡ ಅನ್ನಿಸಿಕೊಂಡ ರಾತ್ರಿಯಂತೂ ಬೇಡವೇ ಬೇಡ. ಪಕ್ಕದ ಕೋಣೆಯಲ್ಲಿ ನಿಮ್ಮ ತಾಯಿ ಇದ್ದರೆ ಹೆಂಡತಿ ಬಾಯಿಬಿಡುವುದೂ ಇಲ್ಲ. ಭಾನುವಾರ ಬೆಳಿಗ್ಗೆ ಕೂಸನ್ನು ತಾಯಿಯ ಕೈಗೆ ಕೊಟ್ಟು, ಇಬ್ಬರೇ ಇಪ್ಪತ್ತು ನಿಮಿಷ ನಡೆದು ಬನ್ನಿ. ಎದುರಾಬದುರು ಕೂತರೆ ವಿಚಾರಣೆಯ ಹಾಗಾಗುತ್ತದೆ, ಜೊತೆಯಲ್ಲಿ ನಡೆಯುವಾಗ ಕಣ್ಣು ತಪ್ಪಿಸಿಯೂ ಮಾತಾಡಬಹುದು. ಅಂದು ಇದೊಂದೇ ವಿಷಯ ಇರಲಿ. ಪಾತ್ರೆ, ದುಡ್ಡು, ನಾದಿನಿಯ ಮಾತು ಬೇರೆ ದಿನಕ್ಕೆ.

ಶುರು ಹೀಗಿರಬಹುದು: "ನಾನು ಮುಟ್ಟಿದಾಗ ನೀನು ಬಿಗಿಯಾಗ್ತೀಯ ಅಂತ ಗೊತ್ತಾಗುತ್ತೆ. ನನಗೆ ನಿನ್ನ ಹತ್ತಿರ ಇರೋದು ಬೇಕು, ಆದ್ರೆ ನಿನಗೆ ಹೆದರಿಕೆ ಆಗೋ ಹಾಗೆ ಬೇಡ. ನಿನಗೆ ಏನನ್ನಿಸುತ್ತೆ ಹೇಳು, ಇವತ್ತು ಏನೂ ತೀರ್ಮಾನ ಆಗ್ಬೇಕಿಲ್ಲ." ಇದರಲ್ಲಿ "ನೀನು ಯಾವತ್ತೂ", "ಎಷ್ಟು ತಿಂಗಳಾಯ್ತು ಗೊತ್ತಾ" ಅನ್ನುವ ಲೆಕ್ಕ ಇಲ್ಲ ಅನ್ನುವುದನ್ನು ಗಮನಿಸಿ. ತಿಂಗಳ ಲೆಕ್ಕ ಎತ್ತಿದ ಕೂಡಲೇ ಅವರು ಸಾಲಗಾರರಾಗುತ್ತಾರೆ, ಆಮೇಲೆ ಬರುವ ಉತ್ತರವೆಲ್ಲ ಸಮಜಾಯಿಷಿ. ಅವರು "ನನಗೆ ಸಾಕಾಗಿದೆ ರೀ, ಯಾರಾದ್ರೂ ಮುಟ್ಟಿದ್ರೇ ಕಿರಿಕಿರಿ" ಅಂದರೆ, ಪರಿಹಾರ ಹೇಳಲು ಹೋಗಬೇಡಿ. "ಯಾವ ಹೊತ್ತಲ್ಲಿ ಜಾಸ್ತಿ?" ಅಂತ ಕೇಳಿ ಸುಮ್ಮನಾಗಿ. "ಹಾಲು ಕುಡಿಸುವಾಗ ಹಿಂದಿನಿಂದ ಬಂದು ತಬ್ಬಬೇಡಿ" ಅನ್ನುವಂಥ ಒಂದು ನಿಖರವಾದ ಮಾತು ಸಿಕ್ಕರೆ ಆ ದಿನಕ್ಕೆ ಅಷ್ಟು ಸಾಕು.

ಎರಡನೇ ಸಲ ಮಾತಾಡುವಾಗ ಒಂದು ಒಪ್ಪಂದ ಮುಂದಿಡಿ, ಇಡಬೇಕಾದವರು ನೀವೇ: ಮೂರು ವಾರ ಲೈಂಗಿಕತೆಯ ಮಾತೇ ಇಲ್ಲ, ಅವರಿಗೇ ಮನಸ್ಸಾದರೂ ಇಲ್ಲ. ಇದು ನಾನು ಹೊಸೆದದ್ದಲ್ಲ. ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆಯೇ ಸಂಭೋಗಕ್ಕೆ ತಾತ್ಕಾಲಿಕ ನಿಷೇಧ, ಲೈಂಗಿಕ ಚಿಕಿತ್ಸಕರು ಇಂದಿಗೂ ಅದನ್ನು ಬಳಸುತ್ತಾರೆ. ಅಪ್ಪುಗೆ ಅಪ್ಪುಗೆಯಲ್ಲೇ ಮುಗಿಯುತ್ತದೆ ಅಂತ ಖಾತ್ರಿಯಾದರೆ ಮಾತ್ರ ಮೈ ಸಡಿಲವಾಗುತ್ತದೆ. ಆ ಮೂರು ವಾರದಲ್ಲಿ ಯಾವ ಸ್ಪರ್ಶ ಆಗಬಹುದು ಅಂತ ಅವರೇ ಹೇಳಲಿ. ಕೂಸು ಮಲಗಿದ ಮೇಲೆ ಹತ್ತು ನಿಮಿಷ ಕಾಲು ಒತ್ತುವುದೋ, ಸೋಫಾದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುವುದೋ, ತಲೆಗೆ ಎಣ್ಣೆ ಹಚ್ಚುವುದೋ. ನಿಲ್ಲಿಸಬೇಕು ಅನ್ನಿಸಿದರೆ "ಸಾಕು" ಅಂದರೆ ಸಾಕು, ಕಾರಣ ಕೊಡಬೇಕಿಲ್ಲ.

ಇದು ಕೆಡುವುದು ಎರಡು ಕಡೆ. ಮೂರು ವಾರವನ್ನು ನೀವು ಉಪವಾಸದ ಹಾಗೆ ಎಣಿಸುತ್ತೀರಿ, ಕೊನೆಯ ದಿನ ಪಾರಣೆ ಆಗಬೇಕು ಅಂತ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತೀರಿ. ಅವರಿಗದು ಗೊತ್ತಾಗುತ್ತದೆ, ಕೊನೆಯ ವಾರ ಮತ್ತೆ ಬಿಗಿಯಾಗುತ್ತಾರೆ. ಆದ್ದರಿಂದ ಅವಧಿ ಮುಗಿದ ದಿನ ಇಬ್ಬರೂ ಕೂತು ಮಾತಾಡುವುದು ಮಾತ್ರ, ಬೇರೇನೂ ಇಲ್ಲ ಅಂತ ಮೊದಲೇ ಹೇಳಿಬಿಡಿ. ಇನ್ನೊಂದು, "ಹಾಗಾದ್ರೆ ನಾನು ಮುಟ್ಟೋದೇ ಇಲ್ಲ" ಅಂತ ಮುನಿಸಿನಲ್ಲಿ ದೂರ ಕೂರುವುದು. ಮುನಿಸೂ ಒತ್ತಾಯವೇ. ನಿಮ್ಮ ಒಪ್ಪಿಗೆ ನಿಜವೋ ಅಲ್ಲವೋ ಅನ್ನುವುದು "ಸರಿ" ಅಂದ ಕ್ಷಣದಲ್ಲಿ ತಿಳಿಯುವುದಿಲ್ಲ, ಆಮೇಲಿನ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮಾತು ಮೊದಲಿನಂತೆಯೇ ಮುಂದುವರಿಯಿತೋ, ಫೋನು ಹಿಡಿದು ಗೋಡೆ ಕಡೆ ತಿರುಗಿದಿರೋ?

ನಿಮಗಾಗುವ ನೋವೂ ಸುಳ್ಳಲ್ಲ, ಅದನ್ನು ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಬೇಡಿಕೆ ಮಾಡದೆ ಹೇಳಿ: "ನೀನು ಕೈ ಸರಿಸಿದಾಗ ನನಗೆ ಸಂಕಟ ಆಗುತ್ತೆ. ಬೇಡ ಅನ್ನೋದು ತಪ್ಪಲ್ಲ, ಹೇಗೆ ಅಂತೀಯ ಅನ್ನೋದು ನನಗೆ ಮುಖ್ಯ." ಅವರ ಕಡೆಯಿಂದ ಕೇಳಬಹುದಾದ ಸಣ್ಣ ಉಪಕಾರ ಇದು: ಮೌನವಾಗಿ ಸರಿಯುವ ಬದಲು "ಈಗ ಆಗಲ್ಲ, ಪಕ್ಕದಲ್ಲಿ ಕೂತಿರಿ" ಅನ್ನುವುದು. ಬೇಡವಾದದ್ದು ಆ ಹೊತ್ತಿನ ಸ್ಪರ್ಶ, ನೀವಲ್ಲ ಅಂತ ಆಗ ನಿಮಗೂ ತಿಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಅನೇಕರಲ್ಲಿ ಆಸೆ ಮೊದಲೇ ಹುಟ್ಟದೆ, ಹಿತವಾದ ಸ್ಪರ್ಶ ಸಿಕ್ಕ ಮೇಲೆ ನಿಧಾನಕ್ಕೆ ಏಳುತ್ತದೆ. ಕೆನಡಾದ ವೈದ್ಯೆ ರೋಸ್‌ಮೇರಿ ಬಾಸನ್ ಇದನ್ನು 2000ದಲ್ಲಿ ವಿವರಿಸಿದರು. ಕೆಲವು ಗಂಡಸರು ಇದನ್ನೋದಿ "ಶುರು ಮಾಡಿದರೆ ಮನಸ್ಸು ಬರುತ್ತೆ" ಅಂತ ವಾದಿಸುತ್ತಾರೆ. ಶುರು ಮಾಡಲು ಹೆಂಡತಿಗೇ ಒಪ್ಪಿಗೆ ಇರಬೇಕು, ಇಲ್ಲದಿದ್ದರೆ ಆ ಮಾತು ಅನ್ವಯಿಸುವುದೇ ಇಲ್ಲ.

ಎಲ್ಲವೂ ಮಾತಿನಿಂದ ಸರಿಹೋಗುವುದಿಲ್ಲ. ನೋವಿದ್ದರೆ ಗೈನಕಾಲಜಿಸ್ಟ್‌ಗೆ ನೇರವಾಗಿ ಹೇಳಿ. ಒಣಗಿದ್ದಕ್ಕೆ ನೀರು ಆಧಾರಿತ ಲೂಬ್ರಿಕೆಂಟ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ಕೊಬ್ಬರಿ ಎಣ್ಣೆ ಬಳಸುವವರಿಗೆ ಅದು ಲ್ಯಾಟೆಕ್ಸ್ ಕಾಂಡೋಮ್ ಹಾಳುಮಾಡುತ್ತದೆ ಅಂತ ಗೊತ್ತಿರಲಿ. ಎರಡು ವಾರಕ್ಕೂ ಮೀರಿ ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಕೂಸು ಮಲಗಿದ್ದರೂ ನಿದ್ದೆ ಬಾರದಿರುವುದು ಕಂಡರೆ ಹೆರಿಗೆಯ ನಂತರದ ಖಿನ್ನತೆ ಇರಬಹುದು. ಆಗ ಮೂರು ವಾರದ ಒಪ್ಪಂದವನ್ನು ಪಕ್ಕಕ್ಕಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯರಿಗಾಗಿಯೇ ವಿಭಾಗ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೂ ಕರೆ ಮಾಡಬಹುದು.